ಅದೇ ಹೆಸರಿನ ಇನ್ನೊಂದು ಚಾನೆಲ್

ಸತ್ಯಂ ಇನ್ಫೋವೇ ಎಂಬ ಕಂಪನಿ 1999ರಲ್ಲಿ ತನ್ನ ಹೆಸರಿನ ಅಕ್ಷರಗಳನ್ನೇ ಹೆಕ್ಕಿ ‘ಸಿಫಿ’ ಎಂಬ ಹೊಸ ಪದವನ್ನು ಕಟ್ಟಿಕೊಂಡಿತು. sifynet.com, sifymall.com ಮುಂತಾದ ಅಂತರ್ಜಾಲ ವಿಳಾಸಗಳನ್ನು ನೋಂದಾಯಿಸಿತು. ಮುಂದೆ siffynet.com ಎಂಬ ಇನ್ನೊಂದು ವಿಳಾಸ ಹುಟ್ಟಿಕೊಂಡಿತು. ನಡುವೆ ಒಂದು f ಹೆಚ್ಚು, ಉಳಿದದ್ದೆಲ್ಲ ಒಂದೇ. ಜಗಳ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಬಂತು. ಅಲ್ಲಿ ಸಿಫಿಗೆ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಇಬ್ಬರ ವ್ಯವಹಾರವೂ ಬೇರೆ ಬೇರೆ, ಗ್ರಾಹಕರು ಗೊಂದಲಕ್ಕೆ ಬೀಳುವುದಿಲ್ಲ ಎಂದು ಹೈಕೋರ್ಟ್ ಅದನ್ನು ತೆರವುಗೊಳಿಸಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸಿಫಿಯ ಪರ ನಿಂತಿತು.

ತಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರ ಸೇರಿ ‘ಸಿಫ್ಫಿ’ ಆಯಿತು ಎಂದು ಎದುರು ಪಕ್ಷ ವಿವರಣೆ ಕೊಟ್ಟಿತ್ತು. ನ್ಯಾಯಾಲಯ ಅದನ್ನು ನಂಬಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಂತರ್ಜಾಲದ ವಿಳಾಸವೆಂದರೆ ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು. ಒಂದನ್ನು ಹುಡುಕುತ್ತ ಹೋದವರು ಸಣ್ಣ ವ್ಯತ್ಯಾಸ ಗಮನಿಸದೆ ಇನ್ನೊಂದಕ್ಕೆ ಹೋಗಿ ಬೀಳಬಹುದು. ಆದ್ದರಿಂದ ಟ್ರೇಡ್‌ಮಾರ್ಕ್ ಕಾನೂನಿನ ರಕ್ಷಣೆ ಅದಕ್ಕೂ ಸಲ್ಲುತ್ತದೆ ಎಂದಿತು. ಆಗ ಯೂಟ್ಯೂಬ್ ಇನ್ನೂ ಹುಟ್ಟಿರಲಿಲ್ಲ. ಆದರೆ ಇವತ್ತು ಒಂದು ಕನ್ನಡ ಅಡುಗೆ ಚಾನೆಲ್ಲಿನ ಹೆಸರನ್ನು ಇನ್ನೊಬ್ಬರು ಒಂದಕ್ಷರ ತಿರುಚಿ ಇಟ್ಟುಕೊಂಡರೆ, ಕಾನೂನು ಕೇಳುವ ಪ್ರಶ್ನೆಗಳು ಅಂದು ಕೇಳಿದವೇ. ಯಾರು ಮೊದಲು ಬಳಸಿದರು? ಜನರು ಆ ಹೆಸರನ್ನು ಯಾರ ಜೊತೆ ಸೇರಿಸಿ ನೆನಪಿಟ್ಟುಕೊಂಡಿದ್ದಾರೆ? ಎರಡನೆಯವರು ಅದನ್ನು ಏಕೆ ಆರಿಸಿಕೊಂಡರು?

ವಿಷಯ ಬಿಡಿಸಿ ಹೇಳಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಶಿರಸಿಯ ಒಬ್ಬ ಮಹಿಳೆ ‘ಗೆಜ್ಜೆಸೌಟು’ ಎಂಬ ಹೆಸರಿನಲ್ಲಿ ಅಡುಗೆ ಚಾನೆಲ್ ನಡೆಸುತ್ತಿದ್ದಾರೆ ಎಂದುಕೊಳ್ಳಿ. ತಂಬುಳಿ, ಕಡುಬು, ಅಪ್ಪೆಹುಳಿ ಎನ್ನುತ್ತ ಮೂರ್ನಾಲ್ಕು ವರ್ಷದಲ್ಲಿ ಲಕ್ಷದ ಹತ್ತಿರ ಸಬ್‌ಸ್ಕ್ರೈಬರ್ ಆಗಿದ್ದಾರೆ. ಒಂದು ದಿನ ‘ಗೆಜ್ಜೆ ಸೌಟು ಅಫಿಶಿಯಲ್’ ಎಂಬ ಚಾನೆಲ್ ಕಾಣಿಸಿಕೊಳ್ಳುತ್ತದೆ. ಅದರ ಚಿತ್ರವೂ ಹೆಚ್ಚುಕಡಿಮೆ ಇವರದೇ. ಕೆಲವು ವೀಕ್ಷಕರು ಅಲ್ಲಿಗೆ ಹೋಗಿ, “ಅಕ್ಕಾ, ಹೊಸ ಚಾನೆಲ್ ಶುರು ಮಾಡಿದ್ರಾ?” ಎಂದು ಕೇಳುತ್ತಿದ್ದಾರೆ.

ಇಲ್ಲಿ ಅವರ ಕೈಲಿ ಎಷ್ಟು ಬಲವಿದೆ ಎಂಬುದು ಚಾನೆಲ್ಲಿಗೆ ಹೆಸರಿಟ್ಟ ದಿನವೇ ಅರ್ಧ ತೀರ್ಮಾನವಾಗಿರುತ್ತದೆ. ‘ಕನ್ನಡ ಅಡುಗೆ’ ಎಂದೋ ‘ಮಲೆನಾಡ ರುಚಿ’ ಎಂದೋ ಹೆಸರಿಟ್ಟಿದ್ದರೆ ಅದು ಚಾನೆಲ್ಲಿನಲ್ಲಿ ಏನಿದೆ ಎಂಬುದರ ವರ್ಣನೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸರಕು ಅಥವಾ ಸೇವೆಯ ಬಗೆ, ಗುಣ, ಊರು ಇವನ್ನಷ್ಟೇ ಹೇಳುವ ಪದಗಳನ್ನು ಒಬ್ಬರ ಸೊತ್ತಾಗಿ ನೋಂದಾಯಿಸಲು ಆಗುವುದಿಲ್ಲ. ಮಲೆನಾಡಿನ ಯಾರು ಬೇಕಾದರೂ ಮಲೆನಾಡಿನ ರುಚಿ ಎನ್ನಬಹುದು. ಅದು ನ್ಯಾಯವೂ ಹೌದು. ದೀರ್ಘಕಾಲದ ಬಳಕೆಯಿಂದ ಆ ಹೆಸರು ಜನಮನದಲ್ಲಿ ಒಂದೇ ಚಾನೆಲ್ಲಿಗೆ ಅಂಟಿಕೊಂಡಿದೆ ಎಂದು ಸಾಬೀತು ಮಾಡಿದರೆ ವಿನಾಯಿತಿ ಇದೆ. ಆದರೆ ಆ ಸಾಬೀತು ಸುಲಭದ್ದಲ್ಲ.

ಹಾಗೆಂದು ಸಾಮಾನ್ಯ ಪದಗಳೆಲ್ಲ ನಿಷ್ಪ್ರಯೋಜಕ ಎಂದಲ್ಲ. ‘ಆಜ್ ತಕ್’ ಎಂಬ ಹಿಂದಿ ಸುದ್ದಿವಾಹಿನಿಯ ಹೆಸರಿನಲ್ಲಿರುವ ಎರಡೂ ಪದಗಳು ನಿಘಂಟಿನವೇ. ಆದರೂ ‘ಖಬರೇ ಕಲ್ ತಕ್’ ಎಂಬ ಹೆಸರಿನ ವಿರುದ್ಧ ವಾಹಿನಿಯ ಒಡೆತನದ ಸಂಸ್ಥೆ 2002ರಲ್ಲಿ ದೆಹಲಿ ಹೈಕೋರ್ಟಿನಿಂದ ತಡೆ ತಂದಿತು. ಪದಗಳು ಎಲ್ಲರವಾದರೂ ಆ ಜೋಡಣೆ ವಾಹಿನಿಯ ಗುರುತಾಗಿತ್ತು. ‘ಗೆಜ್ಜೆಸೌಟು’ ಕೂಡ ಹಾಗೆಯೇ. ಗೆಜ್ಜೆ ಎಲ್ಲರದು, ಸೌಟು ಎಲ್ಲರದು. ಎರಡನ್ನೂ ಬೆಸೆದ ಪದ ಅಡುಗೆ ವಿಡಿಯೊದ ಬಗ್ಗೆ ನೇರವಾಗಿ ಏನನ್ನೂ ಹೇಳುವುದಿಲ್ಲವಾದ್ದರಿಂದ ಗಟ್ಟಿ ಹೆಸರು. ಆದರೆ ಅದೇ ಕಾರಣಕ್ಕೆ, ನಾಳೆ ‘ಬೆಳ್ಳಿಸೌಟು’ ಎಂಬ ಚಾನೆಲ್ ಬಂದರೆ ಬರೀ ಸೌಟಿನ ಮೇಲೆ ಇವರು ಹಕ್ಕು ಸಾಧಿಸಲಾರರು. ನೋಂದಣಿಯಿಂದ ಸಿಗುವ ಹಕ್ಕು ಇಡೀ ಗುರುತಿನ ಮೇಲೆ, ಅದರೊಳಗಿನ ಸಾಮಾನ್ಯ ತುಂಡುಗಳ ಮೇಲಲ್ಲ ಎಂದು 17ನೇ ಸೆಕ್ಷನ್ ಹೇಳುತ್ತದೆ.

ಇನ್ನರ್ಧ ಬಲ ಬರುವುದು ಬಳಕೆಯಿಂದ. ಅರ್ಜಿ ಮೊದಲು ಹಾಕಿದವರೇ ಗೆಲ್ಲುತ್ತಾರೆ ಎಂದು ಬಹಳ ಜನ ನಂಬಿದ್ದಾರೆ. ಭಾರತದಲ್ಲಿ ಹಾಗಿಲ್ಲ. ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಪ್ರಕರಣದಲ್ಲಿ ಎದುರಾಳಿಯ ಕೈಯಲ್ಲೂ ‘ತಿರುನೆಲ್ವೇಲಿ ಇರುಟ್ಟುಕಡೈ ಹಲ್ವಾ’ ಎಂಬ ನೋಂದಣಿ ಇತ್ತು. 2015ರಲ್ಲಿ ಸುಪ್ರೀಂ ಕೋರ್ಟ್, ಮೊದಲಿನಿಂದ ಪ್ರಾಮಾಣಿಕವಾಗಿ ಬಳಸುತ್ತ ಬಂದವರ ಹಕ್ಕು ನಂತರ ಬಂದವರ ನೋಂದಣಿಗಿಂತ ಮೇಲು ಎಂದು ಹೇಳಿತು. ನೋಂದಣಿಯೇ ಇಲ್ಲದವರಿಗೂ ‘ಪಾಸಿಂಗ್ ಆಫ್’ ಎಂಬ ದಾವೆ ಇದೆ. ತನ್ನ ಸರಕನ್ನು ಇನ್ನೊಬ್ಬರದೆಂದು ನಂಬಿಸಿ ದಾಟಿಸುವುದರ ವಿರುದ್ಧ ಹೂಡುವ ದಾವೆ ಅದು. ಸಿಫಿ ಹೂಡಿದ್ದೂ ಅದನ್ನೇ. ಆದರೆ ಅದರಲ್ಲಿ ಹೆಸರಿನ ಖ್ಯಾತಿ, ಎದುರಾಳಿ ಹುಟ್ಟಿಸಿದ ತಪ್ಪುಕಲ್ಪನೆ, ಅದರಿಂದಾದ ಅಥವಾ ಆಗಬಹುದಾದ ನಷ್ಟ, ಈ ಮೂರನ್ನೂ ದಾವೆ ಹೂಡಿದವರೇ ತೋರಿಸಬೇಕು.

ಯೂಟ್ಯೂಬಿನವರು ಎಡವುವುದು ಇಲ್ಲಿಯೇ. ಚಾನೆಲ್ 2019ರಲ್ಲಿ ಶುರುವಾಯಿತು ಎಂದು ಅದರ ಪುಟವೇ ತೋರಿಸುತ್ತದಲ್ಲ, ಅದು ಸಾಕು ಎಂದುಕೊಳ್ಳುತ್ತಾರೆ. ಆ ತಾರೀಖು ಖಾತೆ ತೆರೆದದ್ದಕ್ಕೆ ಸಾಕ್ಷಿ, ಹೆಸರು ಬಳಸಿದ್ದಕ್ಕಲ್ಲ. ಅನೇಕರು ಮೊದಲು ತಮ್ಮದೇ ಹೆಸರಿನಲ್ಲಿ ಒಂದೆರಡು ವರ್ಷ ವಿಡಿಯೊ ಹಾಕಿ, ಆಮೇಲೆ ಚಾನೆಲ್ಲಿಗೆ ಬೇರೆ ಹೆಸರು ಕೊಟ್ಟಿರುತ್ತಾರೆ. ಹಿಂದಿನ ಹೆಸರುಗಳ ಇತಿಹಾಸವನ್ನು ಆ ಪುಟ ಹೊರಗಿನವರಿಗೆ ತೋರಿಸುವುದಿಲ್ಲ. ಎದುರಾಳಿಯ ಖಾತೆ 2015ರದ್ದಾಗಿದ್ದು, ಅದರ ಹೆಸರು ಹೋದ ತಿಂಗಳು ಬದಲಾಗಿದ್ದರೂ ಪುಟ ನೋಡಿದವರಿಗೆ ಅದೇ ಹಳೆಯದಾಗಿ ಕಾಣುತ್ತದೆ. ಹಾಗಾಗಿ ‘ಗೆಜ್ಜೆಸೌಟು’ ಎಂಬ ಹೆಸರು ಯಾವ ದಿನದಿಂದ ಜನರ ಮುಂದಿದೆ ಎಂಬುದಕ್ಕೆ ಬೇರೆ ದಾಖಲೆ ಬೇಕು. ವಿಡಿಯೊದೊಳಗೇ ಹೆಸರು ಹೇಳಿದ ಮೊದಲ ಕಂತು, ಪರದೆಯ ಮೇಲೆ ಹೆಸರು ಮೂಡುವ ಚಿತ್ರಿಕೆ, ಆ ಹೆಸರಿಗೆ ಬಂದ ಜಾಹೀರಾತುದಾರರ ಪತ್ರ ಮತ್ತು ಬಿಲ್ಲು, ಪತ್ರಿಕೆಯಲ್ಲಿ ಬಂದ ಪರಿಚಯ, ಬ್ಯಾಂಕಿಗೆ ಜಮೆಯಾದ ಆದಾಯದ ವಿವರ ಇವೆಲ್ಲ ಕೆಲಸಕ್ಕೆ ಬರುತ್ತವೆ. ನನ್ನನ್ನು ಕೇಳಿದರೆ, ಯಾವ ಚಾನೆಲ್ಲಿನವರಾದರೂ ಈ ಕಡತವನ್ನು ಜಗಳ ಬರುವ ಮೊದಲೇ ಕಟ್ಟಿಡಬೇಕು. ಜಗಳ ಬಂದಮೇಲೆ ಹಳೆಯದನ್ನು ಹುಡುಕುವುದರಲ್ಲೇ ವಾರಗಳು ಹೋಗುತ್ತವೆ.

ನೋಂದಣಿಗೆ ಹೋಗುವ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಅಕ್ಷರ ಹೊಂದುವುದನ್ನು ಮಾತ್ರವಲ್ಲ, ಉಚ್ಚಾರ ಹೊಂದುವುದನ್ನೂ ಹುಡುಕುವ ವ್ಯವಸ್ಥೆ ಅಲ್ಲಿದೆ, ಎರಡನ್ನೂ ನೋಡಬೇಕು. ಅರ್ಜಿಯ ನಮೂನೆ ಟಿಎಂ-ಎ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಆದರೆ ಆನ್‌ಲೈನಿನಲ್ಲೇ ಸಲ್ಲಿಸಬಹುದು. 2017ರ ನಿಯಮಗಳ ಪ್ರಕಾರ ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ವಕೀಲರ ಶುಲ್ಕ ಬೇರೆ.

ಸರಕು ಸೇವೆಗಳನ್ನು 45 ವರ್ಗಗಳಾಗಿ ಹಂಚಿದ್ದಾರೆ. ಮನರಂಜನೆ, ಶಿಕ್ಷಣ, ಆನ್‌ಲೈನಿನಲ್ಲಿ ನೋಡುವ ವಿಡಿಯೊ ಬರುವುದು 41ರಲ್ಲಿ. ಯೂಟ್ಯೂಬ್ ಚಾನೆಲ್ಲಿಗೆ ಅದೇ ಮುಖ್ಯ. ಪ್ರಸಾರ ಸೇವೆಯ 38ನೇ ವರ್ಗ ಟಿವಿ ವಾಹಿನಿಗಳಿಗೆ ಬೇಕಾದದ್ದು. ಒಬ್ಬರೇ ನಡೆಸುವ ಚಾನೆಲ್ಲಿನ ಪ್ರಸಾರವನ್ನು ಮಾಡುವುದು ಯೂಟ್ಯೂಬ್ ತಾನೇ, ಆದ್ದರಿಂದ ಕೈ ಬಿಗಿ ಇರುವಾಗ ಅದಕ್ಕೆ ಹಣ ಸುರಿಯುವುದು ಬೇಡ. ಬದಲಿಗೆ, ನಮ್ಮ ಶಿರಸಿಯ ಮಹಿಳೆ ಸಾಂಬಾರ್ ಪುಡಿ ಮಾರುವ ಯೋಚನೆಯಲ್ಲಿದ್ದರೆ ಮಸಾಲೆಯ 30ನೇ ವರ್ಗದಲ್ಲಿ ಎರಡನೇ ಅರ್ಜಿ ಹಾಕಿಟ್ಟರೆ ಒಳ್ಳೆಯದು. ಹೆಸರುವಾಸಿ ಅಡುಗೆ ಚಾನೆಲ್ಲಿನ ಹೆಸರು ಮಸಾಲೆ ಪೊಟ್ಟಣದ ಮೇಲೆ ಬೇರೆಯವರಿಂದ ಮೊದಲು ಅಚ್ಚಾಗುವ ಅಪಾಯ ದೂರದ್ದಲ್ಲ.

ಬರೀ ಲೋಗೊ ನೋಂದಾಯಿಸಿ ಹೆಸರನ್ನು ಬಿಟ್ಟುಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಲೋಗೊ ಮಾತ್ರ ನೋಂದಣಿಯಾಗಿದ್ದರೆ, ಬೇರೆ ಬಣ್ಣ, ಬೇರೆ ಚಿತ್ರದೊಂದಿಗೆ ಅದೇ ಹೆಸರು ಬಳಸಿದವರನ್ನು ಹಿಡಿಯುವುದು ಕಷ್ಟವಾಗುತ್ತದೆ. ಪದವನ್ನೇ, ಯಾವ ವಿನ್ಯಾಸವೂ ಇಲ್ಲದೆ, ನೋಂದಾಯಿಸುವುದು ಮೊದಲ ಕೆಲಸ. ಕನ್ನಡ ಲಿಪಿಯಲ್ಲಿ ಸಲ್ಲಿಸಿದರೆ ಅದರ ಲಿಪ್ಯಂತರ ಮತ್ತು ಅನುವಾದವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಡಬೇಕೆಂಬ ನಿಯಮವಿದೆ. ಒಂದೇ ಅರ್ಜಿಗೆ ಹಣವಿದ್ದರೆ ನಾನು ರೋಮನ್ ಲಿಪಿಯ GEJJESOUTU ಎಂಬುದನ್ನೇ ಆರಿಸುತ್ತೇನೆ. ಜನ ಹುಡುಕುವಾಗ ಹೆಚ್ಚಾಗಿ ಟೈಪಿಸುವುದು ಆ ಲಿಪಿಯಲ್ಲಿ, ಹ್ಯಾಂಡಲ್‌ಗಳು ಹೆಚ್ಚಾಗಿ ಇರುವುದೂ ಆ ಲಿಪಿಯಲ್ಲಿ. ಉಚ್ಚಾರದ ಹೋಲಿಕೆಯೂ ಲೆಕ್ಕಕ್ಕೆ ಬರುವುದರಿಂದ ಕನ್ನಡದಲ್ಲಿ ಬರೆದ ನಕಲೂ ಅದರಡಿ ಬರುತ್ತದೆ.

ಅರ್ಜಿದಾರರು ಯಾರು ಎಂಬುದನ್ನೂ ಆಗಲೇ ನಿಶ್ಚಯಿಸಬೇಕು. ಇಬ್ಬರು ಗೆಳೆಯರು ಸೇರಿ ನಡೆಸುವ ಚಾನೆಲ್ಲಿನ ಹೆಸರನ್ನು ಒಬ್ಬರೇ ತಮ್ಮ ಹೆಸರಿಗೆ ಹಾಕಿಸಿಕೊಂಡು, ಮುಂದೆ ಬೇರೆಯಾದಾಗ ಇಬ್ಬರೂ ಅದೇ ಹೆಸರಿನ ಎರಡು ಚಾನೆಲ್ ನಡೆಸುವ ಜಗಳ ಹೊರಗಿನವರ ನಕಲಿಗಿಂತ ಕಹಿಯಾದದ್ದು.

ಹಿಂದಿನಿಂದಲೂ ಬಳಸುತ್ತಿದ್ದೇವೆ ಎಂದು ಹೇಳಿಕೊಂಡರೆ ಅರ್ಜಿಯ ಜೊತೆ ಪ್ರಮಾಣಪತ್ರ ಮತ್ತು ದಾಖಲೆ ಲಗತ್ತಿಸಬೇಕು. ಮೇಲೆ ಹೇಳಿದ ಕಡತ ಇಲ್ಲಿಗೇ ಬೇಕಾಗುವುದು. ಪರಿಶೀಲಕರು ಆಕ್ಷೇಪ ಎತ್ತಿದರೆ ಅವರ ವರದಿ ಕೈಸೇರಿದ 30 ದಿನದಲ್ಲಿ ಉತ್ತರಿಸಬೇಕು. ಎಷ್ಟೋ ಅರ್ಜಿಗಳು ಈ ಗಡುವು ತಪ್ಪಿಯೇ ಬಿದ್ದುಹೋಗುತ್ತವೆ. ಒಪ್ಪಿಗೆಯಾದ ಗುರುತು ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟವಾಗುತ್ತದೆ. ನಾಲ್ಕು ತಿಂಗಳೊಳಗೆ ಯಾರೂ ವಿರೋಧಿಸದಿದ್ದರೆ ನೋಂದಣಿ ಪತ್ರ ಬರುತ್ತದೆ. ಪತ್ರ ಯಾವಾಗ ಬಂದರೂ ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, ಹತ್ತು ವರ್ಷಕ್ಕೊಮ್ಮೆ ನವೀಕರಣ. ಹೆಸರಿನ ಪಕ್ಕ ™ ಎಂದು ಯಾರು ಬೇಕಾದರೂ ಹಾಕಿಕೊಳ್ಳಬಹುದು. ® ಹಾಕುವುದು ನೋಂದಣಿಯಾದ ಮೇಲಷ್ಟೇ. ಅದಕ್ಕೆ ಮೊದಲೇ ಹಾಕುವುದು ಕಾನೂನಿಗೆ ವಿರುದ್ಧ.

ಈಗ ‘ಗೆಜ್ಜೆ ಸೌಟು ಅಫಿಶಿಯಲ್’ಗೆ ಬರೋಣ. ಅದು ಇವರ ಹೆಸರನ್ನು ಹೋಲುತ್ತದೆಯೇ? ಎರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಎಣಿಸುವುದು ಕಾನೂನಿನ ರೀತಿಯಲ್ಲ. 1962ರ ಅಮೃತಧಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಚೆನ್ನಾಗಿ ವಿವರಿಸಿದೆ. ‘ಅಮೃತಧಾರಾ’ ಹಳೆಯ ಔಷಧ. ‘ಲಕ್ಷ್ಮಣಧಾರಾ’ ಅಂಥದೇ ಇನ್ನೊಂದು. ಅಮೃತ ಬೇರೆ, ಲಕ್ಷ್ಮಣ ಬೇರೆ ಎಂದು ಪದ ಬಿಡಿಸಿ ಅರ್ಥ ನೋಡುವವರು ಪಂಡಿತರು. ಸಾಧಾರಣ ಬುದ್ಧಿಯ, ಅರೆಬರೆ ನೆನಪಿನ ಗಿರಾಕಿ ಇಡೀ ಪದದ ಸದ್ದಿನ ಮೇಲೆ ಹೋಗುತ್ತಾನೆ, ಅವನಿಗೆ ಎರಡೂ ಒಂದೇ ಅನ್ನಿಸಬಹುದು ಎಂದು ನ್ಯಾಯಾಲಯ ಹೇಳಿತು. ಮೊಬೈಲಿನಲ್ಲಿ ಬೆರಳೊತ್ತಿ ಮುಂದೆ ಹೋಗುವ ವೀಕ್ಷಕನ ನೆನಪು ಅದಕ್ಕಿಂತ ಹೆಚ್ಚೇನೂ ಗಟ್ಟಿಯಲ್ಲ. ‘ಅಫಿಶಿಯಲ್’ ಎಂಬ ಬಾಲ ಗೊಂದಲವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. “ಅಕ್ಕಾ, ಹೊಸ ಚಾನೆಲ್ಲಾ?” ಎಂದು ಕೇಳಿದ ಆ ಕಾಮೆಂಟುಗಳಿವೆಯಲ್ಲ, ಇಡೀ ಪ್ರಕರಣದಲ್ಲಿ ಅವಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ಸಿಗುವುದು ಅಪರೂಪ. ನಿಜವಾದ ಜನ ನಿಜವಾಗಿಯೂ ಮೋಸಹೋದರು ಎಂಬುದನ್ನು ಅವು ತೋರಿಸುತ್ತವೆ.

ಆದ್ದರಿಂದ ಕೋಪದಲ್ಲಿ ಆ ಚಾನೆಲ್ಲಿಗೆ ಹೋಗಿ ಬಯ್ಯುವ ಮೊದಲು ಎಲ್ಲವನ್ನೂ ಹಿಡಿದಿಟ್ಟುಕೊಳ್ಳಬೇಕು. ಪುಟ, ಚಿತ್ರ, ವಿಡಿಯೊ ಪಟ್ಟಿ, ಕಾಮೆಂಟುಗಳು ಇವುಗಳ ಸ್ಕ್ರೀನ್‌ಶಾಟ್ ದಿನಾಂಕ ಮತ್ತು ಪೂರ್ತಿ ಲಿಂಕ್ ಕಾಣುವಂತೆ ಇರಲಿ. ಹೆಸರನ್ನೂ ಹ್ಯಾಂಡಲನ್ನೂ ಅವರು ರಾತ್ರೋರಾತ್ರಿ ಬದಲಿಸಬಹುದು. ಬದಲಾಗದೇ ಉಳಿಯುವುದು UC ಎಂದು ಶುರುವಾಗುವ ಚಾನೆಲ್ ಐಡಿ. ಚಾನೆಲ್ ವಿವರದ ಭಾಗದಲ್ಲಿ ಹಂಚಿಕೊಳ್ಳುವ ಗುಂಡಿ ಒತ್ತಿದರೆ ಅದನ್ನು ನಕಲಿಸಿಕೊಳ್ಳುವ ಆಯ್ಕೆ ಸಿಗುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಮುಂದೆ ಆ ಚಾನೆಲ್ ಯಾವ ವೇಷ ಹಾಕಿದರೂ ಗುರುತು ಸಿಗುತ್ತದೆ. ನ್ಯಾಯಾಲಯಕ್ಕೆ ಹೋಗಬೇಕಾದರೆ ಇಂಥ ಡಿಜಿಟಲ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರವೂ ಬೇಕು.

ಯೂಟ್ಯೂಬಿಗೆ ದೂರು ಕೊಡಲು ಮೂರು ಬೇರೆ ಬೇರೆ ದಾರಿಗಳಿವೆ. ತಪ್ಪು ದಾರಿ ಹಿಡಿದ ದೂರು ತಿರಸ್ಕೃತವಾಗಿ, ಕಂಪನಿ ಏನೂ ಮಾಡುವುದಿಲ್ಲ ಎಂಬ ಬೇಸರವಷ್ಟೇ ಉಳಿಯುತ್ತದೆ. ಅವರು ನಿಮ್ಮ ವಿಡಿಯೊವನ್ನೇ ಎತ್ತಿ ಹಾಕಿದ್ದರೆ ಅದು ಕಾಪಿರೈಟ್ ವಿಷಯ. ಅಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಬೇಕಿಲ್ಲ, ಕ್ರಮವೂ ಹೆಚ್ಚಾಗಿ ಬೇಗ ಆಗುತ್ತದೆ. ಹೆಸರು, ಚಿತ್ರ, ವಿವರಣೆ ಎಲ್ಲವನ್ನೂ ಒಟ್ಟಾಗಿ ಅನುಕರಿಸಿ ನೀವೇ ಎಂದು ತೋರಿಸಿಕೊಳ್ಳುತ್ತಿದ್ದರೆ ಅದು ಸೋಗು. ಆ ಚಾನೆಲ್ಲಿನ ಪುಟದಿಂದಲೇ ವರದಿ ಮಾಡಬಹುದು. ಅಭಿಮಾನಿಗಳು ನಡೆಸುವ ಚಾನೆಲ್ ಆದರೂ ಅದು ಅಭಿಮಾನಿಗಳದ್ದು ಎಂದು ಹೆಸರಿನಲ್ಲೋ ಹ್ಯಾಂಡಲಿನಲ್ಲೋ ಸ್ಪಷ್ಟವಾಗಿರಬೇಕು ಎಂಬುದು ಯೂಟ್ಯೂಬಿನ ನಿಯಮ. ಇನ್ನು ವಿಡಿಯೊ ಅವರದೇ, ಮುಖ ಅವರದೇ, ಹೆಸರು ಮಾತ್ರ ನಿಮ್ಮದನ್ನು ಹೋಲುತ್ತದೆ ಎಂದಾದರೆ ಆಗ ಟ್ರೇಡ್‌ಮಾರ್ಕ್ ದೂರಿನ ನಮೂನೆ.

ಈ ಮೂರನೆಯದರಲ್ಲಿ ನಿರೀಕ್ಷೆ ಮಿತಿಯಲ್ಲಿರಲಿ. ಇಬ್ಬರ ನಡುವಿನ ಟ್ರೇಡ್‌ಮಾರ್ಕ್ ಜಗಳದಲ್ಲಿ ತಾನು ಪಂಚಾಯಿತಿ ಮಾಡುವುದಿಲ್ಲ, ಮೊದಲು ಎದುರಿನವರನ್ನೇ ಸಂಪರ್ಕಿಸಿ ಎಂದು ಯೂಟ್ಯೂಬ್ ಸ್ಪಷ್ಟವಾಗಿ ಹೇಳುತ್ತದೆ. ಉಲ್ಲಂಘನೆ ಎದ್ದು ಕಾಣುವ ಸಂದರ್ಭದಲ್ಲಿ ಮಾತ್ರ ಕ್ರಮ ಕೈಗೊಳ್ಳುತ್ತದೆ. ಎದ್ದು ಕಾಣುವಂತೆ ಮಾಡುವುದು ನೋಂದಣಿ ಸಂಖ್ಯೆ, ಯಾವ ವರ್ಗ, ಯಾವ ದೇಶ ಎಂಬ ವಿವರ. ಅರ್ಜಿ ಹಾಕಿದ ರಸೀದಿಗೆ ಆ ತೂಕ ಇರುವುದಿಲ್ಲ. ಜೊತೆಗೆ ನಮ್ಮ ನೋಂದಣಿ ಭಾರತಕ್ಕೆ ಸೀಮಿತ. ನಕಲು ಚಾನೆಲ್ ನಡೆಸುವವರು ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ಕೂತು ಅಲ್ಲಿನ ಕನ್ನಡಿಗರಿಗಾಗಿ ವಿಡಿಯೊ ಮಾಡುತ್ತಿದ್ದರೆ ಅಲ್ಲಿಯ ರಕ್ಷಣೆಯನ್ನು ಬೇರೆಯಾಗಿ ಪಡೆಯಬೇಕಾಗುತ್ತದೆ. ದೂರಿಗೆ ಉತ್ತರ ಸರಿಯಾಗಿ ಬರದಿದ್ದರೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಡಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬಹುದು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ ನೇಮಿಸಿದ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಹೋಗಬಹುದು.

ಅದೂ ಫಲಿಸದಿದ್ದಾಗ ನ್ಯಾಯಾಲಯ. ಶಿರಸಿಯವರಿಗೆ ನೋಂದಣಿಯ ನಿಜವಾದ ಲಾಭ ತಿಳಿಯುವುದು ಇಲ್ಲಿ. ನೋಂದಾಯಿತ ಗುರುತಿನ ಉಲ್ಲಂಘನೆಯ ದಾವೆಯನ್ನು ತಾವು ವಾಸಿಸುವ, ವ್ಯವಹಾರ ನಡೆಸುವ ಜಾಗದ ನ್ಯಾಯಾಲಯದಲ್ಲೇ ಹೂಡಲು 134ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಪಾಸಿಂಗ್ ಆಫ್‌ಗೆ ಆ ಸೌಲಭ್ಯವಿಲ್ಲ. ಎದುರಾಳಿ ಇರುವ ಊರಿಗೆ, ಇಲ್ಲವೇ ವ್ಯಾಜ್ಯದ ಕಾರಣ ಹುಟ್ಟಿದ ಊರಿಗೆ ಹೋಗಬೇಕು. ಎದುರಾಳಿ ಯಾರೆಂದೇ ಗೊತ್ತಿಲ್ಲದಿದ್ದರೂ ದಾವೆ ನಿಲ್ಲುವುದಿಲ್ಲ. ಅಪರಿಚಿತ ಪ್ರತಿವಾದಿಯನ್ನು ‘ಅಶೋಕ್ ಕುಮಾರ್’ ಎಂದು ಕರೆದು ದಾವೆ ನಡೆಸುವ ಪದ್ಧತಿ ನಮ್ಮ ಹೈಕೋರ್ಟುಗಳಲ್ಲಿ ಇದೆ. ಖಾತೆದಾರರ ವಿವರ ಕೊಡುವಂತೆ ಗೂಗಲ್‌ಗೆ ನ್ಯಾಯಾಲಯಗಳು ಆದೇಶಿಸಿದ್ದೂ ಇದೆ.

ನೋಟಿಸು ಕಳಿಸುವ ಮುನ್ನ ತಮ್ಮ ಬಲವನ್ನು ನಿಷ್ಠುರವಾಗಿ ತೂಗಿ ನೋಡಬೇಕು. ಅದೇ ಹೆಸರನ್ನು ತಮಗಿಂತ ಮೊದಲಿನಿಂದ ಬಳಸುತ್ತಿರುವವರ ಮೇಲೆ, ತಮ್ಮ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಇಟ್ಟುಕೊಂಡವರ ಮೇಲೆ, ಅಡುಗೆಯನ್ನು ವಿಮರ್ಶಿಸುತ್ತ ಚಾನೆಲ್ಲಿನ ಹೆಸರು ಎತ್ತಿದವರ ಮೇಲೆ ಈ ಹಕ್ಕು ನಡೆಯುವುದಿಲ್ಲ. ಆಧಾರವಿಲ್ಲದೆ ಬೆದರಿಸಿದವರ ವಿರುದ್ಧ ಬೆದರಿಕೆಗೊಳಗಾದವರೇ ದಾವೆ ಹೂಡಲು 142ನೇ ಸೆಕ್ಷನ್ ದಾರಿ ಮಾಡಿಕೊಟ್ಟಿದೆ.

ಹಾಗೆಂದು ಹಿಂಜರಿದು ಸುಮ್ಮನೆ ಕೂರುವುದಕ್ಕೂ ಬೆಲೆಯಿದೆ. ಅಮೃತಧಾರಾ ಪ್ರಕರಣದ ಕೊನೆಯನ್ನು ಹೆಚ್ಚು ಜನ ಹೇಳುವುದಿಲ್ಲ. ಹೆಸರು ಹೋಲುತ್ತದೆ ಎಂಬ ವಾದ ಗೆದ್ದರೂ, ಎದುರಿನವರು ಬಳಸುತ್ತಿರುವುದು ಗೊತ್ತಿದ್ದೂ ವರ್ಷಗಟ್ಟಲೆ ತಡೆಯಲಿಲ್ಲ ಎಂಬ ಕಾರಣಕ್ಕೆ ಲಕ್ಷ್ಮಣಧಾರಾದವರಿಗೆ ಉತ್ತರ ಪ್ರದೇಶದ ಮಟ್ಟಿಗೆ ನೋಂದಣಿ ಉಳಿಯಿತು. ಇಂದಿನ ಕಾಯ್ದೆಯ 33ನೇ ಸೆಕ್ಷನ್ ಈ ಮೌನಕ್ಕೆ ಒಂದು ಅವಧಿ ಹಾಕಿದೆ. ಎದುರಿನವರು ತಮ್ಮ ಹೆಸರನ್ನು ನೋಂದಾಯಿಸಿ ಬಳಸುತ್ತಿರುವುದನ್ನು ತಿಳಿದೂ ಐದು ವರ್ಷ ಸತತ ಸುಮ್ಮನಿದ್ದರೆ, ಅವರು ಕೆಟ್ಟ ಉದ್ದೇಶದಿಂದ ನೋಂದಾಯಿಸಿದ್ದಲ್ಲದಿದ್ದರೆ, ಆಮೇಲೆ ತಡೆಯುವ ಹಕ್ಕು ಹೋಗುತ್ತದೆ.

ನಕಲು ಮಾಡುವವರೂ ಅರ್ಜಿ ಹಾಕುತ್ತಾರೆ. ಟ್ರೇಡ್‌ಮಾರ್ಕ್ ಜರ್ನಲ್ ಪ್ರತಿ ಸೋಮವಾರ ಆನ್‌ಲೈನಿನಲ್ಲಿ ಬರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. 41ನೇ ವರ್ಗದ ಪುಟಗಳಲ್ಲಿ ‘ಗೆಜ್ಜೆ’ ಎಂಬ ಸದ್ದಿನ ಗುರುತೇನಾದರೂ ಕಂಡರೆ, ಪ್ರಕಟವಾದ ನಾಲ್ಕು ತಿಂಗಳೊಳಗೆ ಟಿಎಂ-ಓ ನಮೂನೆಯಲ್ಲಿ 2,700 ರೂಪಾಯಿ ಕಟ್ಟಿ ವಿರೋಧ ಸಲ್ಲಿಸಬಹುದು. ಆ ಅವಧಿಯನ್ನು ವಿಸ್ತರಿಸುವ ಅವಕಾಶವಿಲ್ಲ. ತಪ್ಪಿದರೆ ಎದುರಿನವರ ನೋಂದಣಿಯನ್ನು ರದ್ದು ಮಾಡಿಸಲು ರಿಜಿಸ್ಟ್ರಾರರ ಮುಂದೆಯೋ ಹೈಕೋರ್ಟಿನಲ್ಲೋ ಬೇರೆಯೇ ಅರ್ಜಿ ಹಾಕಬೇಕು. ಆಗ ನೋಂದಣಿ ಪತ್ರ ಅವರ ಕೈಯಲ್ಲೂ ಇರುತ್ತದೆ, ಯೂಟ್ಯೂಬಿಗೆ ದೂರು ಕೊಡುವ ನಮೂನೆ ಅವರಿಗೂ ತೆರೆದಿರುತ್ತದೆ.